ಉದ್ದ ಚೀಟಿ ಕೂಡುವಾಗ ದಶಕ ಯಾವಾಗಲೂ ಒಂದೇ ಅಲ್ಲ

ಮಕ್ಕಳೇ, ಎರಡು ಸಂಖ್ಯೆ ಕೊಟ್ಟರೆ ನೀವು ಚಕಚಕ ಅಂತ ಕೂಡಿಬಿಡುತ್ತೀರಿ. ಅದೇ ಐದಾರು ಸಾಲಿನ ದಿನಸಿ ಚೀಟಿ ಕೈಗೆ ಬಂದರೆ ಪೆನ್ಸಿಲ್ ಬಾಯಿಗೆ ಹೋಗುತ್ತದೆ. ಯಾಕೆ ಗೊತ್ತಾ? ಎರಡು ಸಂಖ್ಯೆ ಕೂಡುವಾಗ ದಶಕ ಬಂದರೆ ಅದು 1 ಮಾತ್ರ. ತುಂಬಾ ಜಾಸ್ತಿ ಅಂದರೆ 9ಕ್ಕೆ 9 ಸೇರಿ 18, ಹಿಂದಿನ ದಶಕ 1 ಸೇರಿ 19. ಇಪ್ಪತ್ತು ಮುಟ್ಟುವುದೇ ಇಲ್ಲ. ಹಾಗಾಗಿ "ದಶಕ ಒಂದು" ಅನ್ನುವುದು ಬಾಯಿಪಾಠ ಆಗಿಬಿಟ್ಟಿರುತ್ತದೆ. ಉದ್ದ ಚೀಟಿಯಲ್ಲಿ ದಶಕ 2 ಬರಬಹುದು, 3 ಬರಬಹುದು. ಕೈ ಮಾತ್ರ ಹಳೇ ಅಭ್ಯಾಸಕ್ಕೆ 1 ಅಂತಲೇ ಬರೆಯುತ್ತದೆ.

ಒಂದು ಚೀಟಿ ತಗೊಂಡೇ ನೋಡೋಣ. ಅಕ್ಕಿ ಮೂಟೆಗೆ 1365 ರೂಪಾಯಿ, ತೊಗರಿಬೇಳೆಗೆ 348, ಸಕ್ಕರೆಗೆ 225, ಎಣ್ಣೆಗೆ 578, ಹುಣಸೆಹಣ್ಣಿಗೆ 86. ಒಟ್ಟು ಎಷ್ಟಾಯಿತು?

ಮೊದಲು ಬರೆಯುವ ಕೆಲಸ. ಅರ್ಧ ತಪ್ಪು ಇಲ್ಲೇ ಆಗುವುದು, ಕೂಡುವುದರಲ್ಲಿ ಅಲ್ಲ. ಚೌಕುಳಿ ಪುಸ್ತಕ ಇದ್ದರೆ ಒಂದು ಚೌಕಕ್ಕೆ ಒಂದೇ ಅಂಕಿ. ಚೌಕುಳಿ ಇಲ್ಲದಿದ್ದರೆ ಗೆರೆ ಹಾಕಿದ ಮಾಮೂಲಿ ಪುಸ್ತಕವನ್ನೇ ಅಡ್ಡ ತಿರುಗಿಸಿ ಇಟ್ಟುಕೊಳ್ಳಿ. ಅಡ್ಡ ಗೆರೆಗಳೆಲ್ಲ ಉದ್ದ ಗೆರೆ ಆಗುತ್ತವೆ, ಅಂಕಿ ನಿಲ್ಲಿಸಲು ಮನೆ ಸಿಕ್ಕಿತು. ಬಲಗಡೆಯ ಕೊನೇ ಮನೆಯ ಹೆಸರು ಬಿಡಿ, ಅದರ ಎಡಕ್ಕೆ ಹತ್ತು, ಆಮೇಲೆ ನೂರು, ಆಮೇಲೆ ಸಾವಿರ. ಯಾವ ಸಂಖ್ಯೆಯೇ ಆಗಲಿ, ಅದರ ಕೊನೇ ಅಂಕಿ ಬಿಡಿ ಮನೆಯಲ್ಲೇ ಕೂರಬೇಕು. ಬಲಗಡೆಯಿಂದ ಸಾಲು ನೆಟ್ಟಗಿದ್ದರೆ ಸಾಕು, ಎಡಗಡೆ ಹೇಗಿದ್ದರೂ ನಡೆಯುತ್ತದೆ.

ನಾವು ಬರೆಯುವುದು ಎಡದಿಂದ ಬಲಕ್ಕೆ ಅಲ್ವಾ, ಅದಕ್ಕೇ ಕೈ ಸುಮ್ನೆ ಎಡಗಡೆಯಿಂದ ಸಾಲು ಜೋಡಿಸಿಬಿಡುತ್ತದೆ. 86ರ 8ನ್ನು 578ರ 5ರ ಕೆಳಗೆ ಇಟ್ಟರೆ ಏನಾಯಿತು? ಹುಣಸೆಹಣ್ಣು 86 ಹೋಗಿ 860 ರೂಪಾಯಿ ಆಯಿತು! ಹುಣಸೆಹಣ್ಣಿನ ನೂರರ ಮನೆ ಖಾಲಿ ಇದೆಯಲ್ಲ ಅಂತ ಕಸಿವಿಸಿ ಆದರೆ ಅಲ್ಲೊಂದು 0 ಹಾಕಿ. 086 ಅಂದರೂ 86 ಅಂದರೂ ಒಂದೇ. ಸೊನ್ನೆ ಎಡಕ್ಕೆ ಬಂದರೆ ಏನೂ ಬದಲಾಗುವುದಿಲ್ಲ, ಬಲಕ್ಕೆ ಬಂದರೆ ಹತ್ತು ಪಟ್ಟು.

ಎಲ್ಲಕ್ಕಿಂತ ಮೇಲೆ ಒಂದು ಸಾಲು ಖಾಲಿ ಬಿಡಿ. ಅದು ದಶಕದ ಜಾಗ. ಕೂಡಿದ ಮೇಲೆ ಲೆಕ್ಕ ಹೀಗೆ ಕಾಣಬೇಕು, ಆಮೇಲೆ ಒಂದೊಂದೇ ಮನೆ ಬಿಡಿಸಿ ಹೇಳುತ್ತೇನೆ.

```
  1 3 3
  1 3 6 5
    3 4 8
    2 2 5
    5 7 8
+     8 6
---------
  2 6 0 2
```

ಬಿಡಿ ಮನೆಯಿಂದ ಶುರು. ಮೇಲಿನಿಂದ ಕೆಳಗೆ ಬನ್ನಿ: 5, ಅದಕ್ಕೆ 8 ಸೇರಿ 13, 5 ಸೇರಿ 18, 8 ಸೇರಿ 26, 6 ಸೇರಿ 32. ಬೆರಳ ಗೆರೆ ಎಣಿಸಿದರೂ ಪರವಾಗಿಲ್ಲ. ಆದರೆ ಮತ್ತೆ ಒಂದರಿಂದ ಎಣಿಸಬೇಡಿ. 18 ಬಾಯಲ್ಲಿ ಹೇಳಿ, ಹತ್ತೊಂಬತ್ತರಿಂದ ಮುಂದಕ್ಕೆ ಎಂಟು ಗೆರೆ ಎಣಿಸಿ. ಸ್ವಲ್ಪ ರೂಢಿ ಆದವರು ಹತ್ತರ ಜೋಡಿ ಹುಡುಕುತ್ತಾರೆ. ಇಲ್ಲಿ ಎರಡು 5 ಇವೆ, ಸೇರಿಸಿದರೆ 10. ಉಳಿದದ್ದು 8, 8, 6. ಅದು 22. ಒಟ್ಟು ಅದೇ 32.

ಈಗ 32 ಬಂತು, ಬಿಡಿ ಮನೆಯಲ್ಲಿ ಒಂದೇ ಅಂಕಿಗೆ ಜಾಗ. ಏನು ಮಾಡೋದು? ಸ್ವಲ್ಪ ದುಡ್ಡು ತಗೊಂಡು ಬನ್ನಿ. ಒಂದು ರೂಪಾಯಿ ನಾಣ್ಯ, ಹತ್ತರ ನೋಟು, ನೂರರ ನೋಟು, ಇಷ್ಟೇ. ಎರಡರ ನಾಣ್ಯ, ಐದರ ನಾಣ್ಯ, ಇಪ್ಪತ್ತು, ಐವತ್ತು, ಐನೂರು ಎಲ್ಲ ಪಕ್ಕಕ್ಕಿಡಿ. ದೊಡ್ಡವರು ಇದನ್ನು ಮರೆತು ಚಿಲ್ಲರೆ ಡಬ್ಬಿಯನ್ನೇ ಸುರಿಯುತ್ತಾರೆ, ಮಗುವಿಗೆ ಹತ್ತರ ಲೆಕ್ಕ ಕಲಸಿಹೋಗುತ್ತದೆ. ಸಾವಿರದ ನೋಟು ಬೇಕಾದರೆ ಚೀಟಿ ಮೇಲೆ ಬರೆದುಕೊಳ್ಳಿ, ನಿಜವಾದದ್ದು 2016ರಲ್ಲೇ ಚಲಾವಣೆಯಿಂದ ಹೋಯಿತು. ಈಗ 32 ಒಂದು ರೂಪಾಯಿ ನಾಣ್ಯ ನಿಮ್ಮ ಮುಂದಿದೆ. ಅದರಲ್ಲಿ ಹತ್ತು ಕೊಟ್ಟು ಒಂದು ಹತ್ತರ ನೋಟು ತಗೊಳ್ಳಿ. ಇನ್ನೂ ಹತ್ತು ಕೊಡಿ, ಇನ್ನೊಂದು ನೋಟು. ಮತ್ತೆ ಹತ್ತು, ಮೂರನೇ ನೋಟು. ಕೈಯಲ್ಲಿ ಉಳಿದ ನಾಣ್ಯ ಎರಡು. ಆ ಎರಡು ಬಿಡಿ ಮನೆಯಲ್ಲಿ ಇಳಿಯುತ್ತದೆ. ಮೂರು ನೋಟು ಹತ್ತರ ಮನೆಗೆ ಸೇರಿದ್ದು, ಅದಕ್ಕೇ ಅದರ ತಲೆ ಮೇಲೆ ಚಿಕ್ಕದಾಗಿ 3 ಬರೆಯುತ್ತೇವೆ. ಮೂರು ಸಲ ಚಿಲ್ಲರೆ ಮಾಡಿಸಿದ್ದೇವೆ, ದಶಕ 1 ಹೇಗಾದೀತು?

ಹತ್ತರ ಮನೆಗೆ ಬಂದ ತಕ್ಷಣ ಮೊದಲು ಮುಟ್ಟಬೇಕಾದ್ದು ಆ ದಶಕವನ್ನೇ. ಕೊನೆಗೆ ಸೇರಿಸಿದರಾಯಿತು ಅಂತ ಬಿಟ್ಟರೆ ಮರೆತೇಹೋಗುತ್ತದೆ. 3ಕ್ಕೆ 6 ಸೇರಿ 9, 4 ಸೇರಿ 13, 2 ಸೇರಿ 15, 7 ಸೇರಿ 22, 8 ಸೇರಿ 30. ಸೇರಿಸಿದ ದಶಕದ ಮೇಲೆ ಸಣ್ಣದೊಂದು ಗೀಟು ಎಳೆದುಬಿಡಿ, ಎರಡು ಸಲ ಸೇರಿಸುವ ಭಯ ಇರುವುದಿಲ್ಲ.

ಈ 30 ಇದೆಯಲ್ಲ, ಇದು ಸ್ವಲ್ಪ ತುಂಟ. ಮೂವತ್ತು ಹತ್ತರ ನೋಟು ಕೊಟ್ಟು ಮೂರು ನೂರರ ನೋಟು ತಗೊಂಡೆವು. ಹತ್ತರ ನೋಟು ಒಂದೂ ಉಳಿಯಲಿಲ್ಲ. ಏನೂ ಉಳಿಯದಿದ್ದರೆ ಏನೂ ಬರೆಯಬೇಕಿಲ್ಲ ಅಂತ ಕೆಲವರು ಆ ಮನೆ ಖಾಲಿ ಬಿಡುತ್ತಾರೆ. ಆಗ ಉತ್ತರ 262 ಅಂತ ಓದಿಸಿಕೊಳ್ಳುತ್ತದೆ. ಅಕ್ಕಿ ಒಂದಕ್ಕೇ ಸಾವಿರದ ಮೇಲಿರುವಾಗ ಒಟ್ಟು 262 ಆಗಲು ಸಾಧ್ಯವೇ? ಹಾಗಾಗಿ 0 ಇಳಿಸಲೇಬೇಕು, ದಶಕ 3.

ನೂರರ ಮನೆಯಲ್ಲಿ ದಶಕ 3, ಅದಕ್ಕೆ 3, 3, 2, 5. ಒಟ್ಟು 16. 6 ಇಳಿಸಿ, 1 ಮೇಲಕ್ಕೆ. ಸಾವಿರದ ಮನೆಯಲ್ಲಿ ಆ 1, ಅಕ್ಕಿಯ 1, ಒಟ್ಟು 2. ಉತ್ತರ 2602.

ಎಡಗಡೆಯಿಂದ ಯಾಕೆ ಶುರು ಮಾಡಬಾರದು ಅಂತ ಕೇಳುವ ಮಕ್ಕಳಿದ್ದಾರೆ. ಒಳ್ಳೇ ಪ್ರಶ್ನೆ. ಮಾಡಬಹುದು, ಆದರೆ ಬಲಗಡೆಯಿಂದ ದಶಕ ಬಂದಾಗಲೆಲ್ಲ ಬರೆದದ್ದನ್ನು ಅಳಿಸಬೇಕಾಗುತ್ತದೆ. ಬೇಕಿದ್ದರೆ ದಶಕವೇ ಬರೆಯದೆ ಹೀಗೂ ಮಾಡಿ. ಒಂದೊಂದು ಮನೆಯ ಮೊತ್ತವನ್ನು ಬೇರೆ ಬೇರೆ ಬರೆದುಕೊಳ್ಳಿ: ಸಾವಿರ 1000, ನೂರುಗಳು ಸೇರಿ 1300, ಹತ್ತುಗಳು ಸೇರಿ 270, ಬಿಡಿ 32. ಈ ನಾಲ್ಕನ್ನು ಕೂಡಿದರೂ 2602. ದಶಕ ಅಂದರೆ ಏನು ಅಂತ ಇನ್ನೂ ಹತ್ತದ ಮಗುವಿಗೆ ಮೊದಲ ಕೆಲವು ದಿನ ಇದನ್ನೇ ಮಾಡಿಸಿ ಅಂತ ನಾನು ಅಮ್ಮ ಅಪ್ಪಂದಿರಿಗೆ ಹೇಳುತ್ತೇನೆ. ಬರವಣಿಗೆ ಜಾಸ್ತಿ, ಗೊಂದಲ ಕಮ್ಮಿ.

ಉತ್ತರ ಬಂದ ಮೇಲೆ ಪುಸ್ತಕ ಮುಚ್ಚಬೇಡಿ. ಒಂದು ಸಲ ಅಂದಾಜು ನೋಡಿ. ಅಕ್ಕಿ ಸುಮಾರು 1400, ಬೇಳೆ 300, ಸಕ್ಕರೆ 200, ಎಣ್ಣೆ 600, ಹುಣಸೆ 100. ಸೇರಿದರೆ 2600. ನಮ್ಮ ಉತ್ತರ ಅದರ ಹತ್ತಿರವೇ ಇದೆ. ಆಮೇಲೆ ಇನ್ನೊಂದು ಸಲ ಕೂಡಿ, ಈ ಸಲ ಕೆಳಗಿನಿಂದ ಮೇಲಕ್ಕೆ: 6, 14, 19, 27, 32. ಮೇಲಿನಿಂದಲೇ ಮತ್ತೆ ಕೂಡಿದರೆ ಪ್ರಯೋಜನ ಕಮ್ಮಿ. ಮೊದಲ ಸಲ 18ಕ್ಕೆ 8 ಸೇರಿಸಿ 25 ಅಂದಿದ್ದರೆ ಎರಡನೇ ಸಲವೂ ನಾಲಿಗೆ 25 ಅನ್ನುತ್ತದೆ. ಕೆಳಗಿನಿಂದ ಬಂದರೆ ಜೋಡಿಗಳೇ ಬೇರೆ, ಹಾಗಾಗಿ ತಪ್ಪು ಬಯಲಾಗುತ್ತದೆ.

ಎರಡು ಸಲಕ್ಕೂ ಉತ್ತರ ಬೇರೆ ಬಂತು, ಅಥವಾ ಅಂಗಡಿಯವರ ಬಿಲ್ಲಿಗೂ ನಿಮ್ಮದಕ್ಕೂ ತಾಳೆಯಾಗಲಿಲ್ಲ ಅಂದುಕೊಳ್ಳಿ. ತಕ್ಷಣ ರಬ್ಬರ್ ತಗೋಬೇಡಿ. ದೊಡ್ಡದರಿಂದ ಚಿಕ್ಕದನ್ನು ಕಳೆದು ವ್ಯತ್ಯಾಸ ನೋಡಿ, ತಪ್ಪು ಎಲ್ಲಿದೆ ಅಂತ ಅದೇ ಸುಳಿವು ಕೊಡುತ್ತದೆ. ನಿಮಗೆ 2582 ಬಂತು ಅನ್ನಿ. 2602ರಿಂದ ಕಳೆದರೆ 20. ಹತ್ತರ ಮನೆಯಲ್ಲಿ ಎರಡು ಕಮ್ಮಿ ಬಿದ್ದಿದೆ, ಅಂದರೆ 32ಕ್ಕೆ ದಶಕ 3ರ ಬದಲು 1 ಬರೆದಿದ್ದೀರಿ. ವ್ಯತ್ಯಾಸ 30 ಆಗಿದ್ದರೆ ದಶಕವನ್ನು ಪೂರ್ತಿ ಮರೆತಿದ್ದೀರಿ. 10, 20, 100, 300 ಇಂಥ ದುಂಡಗಿನ ವ್ಯತ್ಯಾಸ ಬಂದರೆ ಮೊದಲು ತಲೆ ಮೇಲಿನ ಆ ಚಿಕ್ಕ ಅಂಕಿಗಳನ್ನೇ ನೋಡಿ.

ವ್ಯತ್ಯಾಸ 9ರ ಮಗ್ಗಿಯಲ್ಲಿ ಬಂದರೆ ಕಥೆ ಬೇರೆ. ಯಾವುದೋ ಅಂಕಿ ಜಾಗ ಬದಲಿಸಿರುವ ಸಂಭವ ಜಾಸ್ತಿ. 32ರಲ್ಲಿ 2 ಇಳಿಸುವ ಬದಲು 3 ಇಳಿಸಿ, 2ನ್ನು ದಶಕ ಮಾಡಿದರೆ ಉತ್ತರ 2593. ವ್ಯತ್ಯಾಸ ಸರಿಯಾಗಿ 9. ಎಣ್ಣೆಯ 578ನ್ನು 587 ಅಂತ ನಕಲು ಮಾಡಿದರೂ 9ರ ವ್ಯತ್ಯಾಸವೇ. ಹುಣಸೆಹಣ್ಣು ಒಂದು ಮನೆ ಎಡಕ್ಕೆ ಜರುಗಿ 860 ಆಗಿದ್ದರೆ ಉತ್ತರ 3376, ವ್ಯತ್ಯಾಸ 774. ಅದನ್ನು 9ರಿಂದ ಭಾಗಿಸಿ ನೋಡಿ, 86 ಬರುತ್ತದೆ. ಜರುಗಿದ್ದು ಯಾವ ಸಂಖ್ಯೆ ಅಂತಲೂ ಗೊತ್ತಾಯಿತಲ್ಲ! ಭಾಗಾಕಾರ ಬಾರದ ಚಿಕ್ಕವರು ದೊಡ್ಡವರ ಹತ್ತಿರ ಮಾಡಿಸಿಕೊಳ್ಳಿ. ವ್ಯತ್ಯಾಸ 1, 2, 3 ಇಷ್ಟೇ ಇದ್ದರೆ ಬಿಡಿ ಮನೆಯಲ್ಲಿ ಎಣಿಕೆ ತಪ್ಪಿದೆ ಅಷ್ಟೆ.

ಇನ್ನೊಂದು ಕಾವಲು ಇದೆ. ದಶಕ ಯಾವಾಗಲೂ ಸಾಲುಗಳ ಸಂಖ್ಯೆಗಿಂತ ಕಮ್ಮಿಯೇ ಇರುತ್ತದೆ. ಎರಡು ಸಾಲಿದ್ದರೆ 1 ದಾಟದು, ಮೂರು ಸಾಲಿದ್ದರೆ 2 ದಾಟದು, ನಮ್ಮ ಐದು ಸಾಲಿನ ಚೀಟಿಯಲ್ಲಿ 4 ದಾಟದು. ಐದೂ ಸಾಲಲ್ಲಿ 9 ಇದ್ದರೂ 45, ಅದಕ್ಕೆ ಹಿಂದಿನ ದಶಕ 4 ಸೇರಿದರೆ 49, ಐವತ್ತಾಗಲಿಲ್ಲ. ಐದು ಸಾಲಿನ ಲೆಕ್ಕದಲ್ಲಿ ತಲೆ ಮೇಲೆ 6 ಕಂಡರೆ ಎಲ್ಲೋ ಎಡವಿದ್ದೀರಿ ಅಂತಲೇ ಅರ್ಥ.

ಹತ್ತು ಸಾಲಿನವರೆಗೆ ದಶಕ ಒಂದೇ ಅಂಕಿ. ಹನ್ನೊಂದನೇ ಸಾಲು ಬಂದರೆ ಅದು 10 ಆಗುವ ಸಾಧ್ಯತೆ ಇದೆ, ಆ ಚಿಕ್ಕ ಜಾಗದಲ್ಲಿ ಎರಡು ಅಂಕಿ ಬರೆದು ತಲೆ ಕೆಡಿಸಿಕೊಳ್ಳುವುದು ಬೇಡ. ಹಬ್ಬದ ಸಾಮಾನಿನ ಚೀಟಿ ಇಪ್ಪತ್ತು ಸಾಲಿದ್ದರೆ ಐದೈದು ಸಾಲಿಗೆ ಒಂದು ಗೆರೆ ಎಳೆಯಿರಿ. ಒಂದೊಂದು ತುಂಡನ್ನೂ ಕೂಡಿ ಪಕ್ಕದಲ್ಲಿ ಬರೆದುಕೊಳ್ಳಿ, ಕೊನೆಗೆ ಆ ನಾಲ್ಕು ಮೊತ್ತಗಳನ್ನು ಕೂಡಿ. ಬಿಲ್ಲಿಗೆ ತಾಳೆಯಾಗದಿದ್ದರೂ ಇಪ್ಪತ್ತೂ ಸಾಲು ಹುಡುಕಬೇಕಿಲ್ಲ, ತಪ್ಪಿದ ತುಂಡು ಯಾವುದು ಅಂತ ಕಂಡುಹಿಡಿದು ಅದರ ಐದು ಸಾಲು ಮಾತ್ರ ನೋಡಿದರಾಯಿತು.