ಮುಂದಿನ ಮೇಜಿನ ಕೆಲಸ: ನಮ್ಮ ದಂತ ಚಿಕಿತ್ಸಾಲಯಕ್ಕೆ ಹುದ್ದೆಯ ವಿವರ ಬರೆದ ಬಗೆ

ಮೈಸೂರಿನ ಕುವೆಂಪುನಗರದಲ್ಲಿ ನಾನು ನಡೆಸುವ ಚಿಕ್ಕ ದಂತ ಚಿಕಿತ್ಸಾಲಯದಲ್ಲಿ ಮುಂದಿನ ಮೇಜಿನಲ್ಲಿ ಕುಳಿತು ಫೋನು ಎತ್ತುವವರು, ರೋಗಿಗೆ ಸಮಯ ಗೊತ್ತುಮಾಡುವವರು, ಹಣ ಪಡೆದು ಬಿಲ್ಲು ಬರೆಯುವವರು ಎಲ್ಲರೂ ಒಬ್ಬರೇ. ಈ ಹುದ್ದೆಗೆ ಹೊಸಬರನ್ನು ಕರೆಯುವ ಮೊದಲು ಕೆಲಸದ ವಿವರವನ್ನು ಬರೆಯಲು ಕುಳಿತಾಗ, ನಗುಮುಖ, ಕಂಪ್ಯೂಟರ್ ಜ್ಞಾನ, ಸಮಯಪಾಲನೆ ಎಂದು ಗುಣಗಳನ್ನು ಪಟ್ಟಿಮಾಡುವ ವಾಡಿಕೆಯನ್ನು ಬಿಟ್ಟೆ. ಒಂದು ಹಲ್ಲಿನ ಚಿಕಿತ್ಸೆಯು ಮೊದಲ ಫೋನಿನಿಂದ ಕೊನೆಯ ರಸೀದಿಯವರೆಗೆ ಆ ಮೇಜನ್ನು ಹೇಗೆಲ್ಲ ದಾಟಿಹೋಗುತ್ತದೆ ಎಂಬುದನ್ನೇ ಬರೆದೆ.

ನಾನು ಆರಿಸಿಕೊಂಡದ್ದು ದಂತವೈದ್ಯರ ಎಣಿಕೆಯಲ್ಲಿ 36ನೆಯ ಹಲ್ಲು, ಅಂದರೆ ಕೆಳಗಿನ ಎಡಬದಿಯ ಮೊದಲ ದವಡೆಹಲ್ಲು. ಅದಕ್ಕೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಕೂರಿಸಬೇಕು. ರೂಟ್ ಕೆನಾಲಿಗೆ 4,500 ರೂಪಾಯಿ, ಕ್ಯಾಪಿಗೆ 6,000 ರೂಪಾಯಿ, ಒಟ್ಟು 10,500 ಎಂದು ಇಟ್ಟುಕೊಳ್ಳೋಣ. ಅಂದಾಜು ವೆಚ್ಚವನ್ನು ನಾನು ಹೇಳುತ್ತೇನೆ. ಅದನ್ನು ಬರೆದು, ರೋಗಿಗೆ ಓದಿ ಹೇಳಿ, ಸಹಿ ಹಾಕಿಸಿಕೊಳ್ಳುವುದು ಮುಂದಿನ ಮೇಜಿನವರ ಕೆಲಸ. ಹಣ ಕಂತಿನಲ್ಲಿ ಬರುತ್ತದೆ: ಮೊದಲ ದಿನ 2,000, ರೂಟ್ ಕೆನಾಲ್ ಮುಗಿದ ದಿನ 2,500, ಕ್ಯಾಪಿನ ಅಳತೆ ತೆಗೆದ ದಿನ 3,000, ಕೂರಿಸಿದ ದಿನ ಉಳಿದ 3,000. ಪ್ರತಿ ಕಂತಿಗೂ ರಸೀದಿ ಕೊಡಬೇಕು, ರಸೀದಿಯ ಮೇಲೆ ಬಾಕಿಯನ್ನೂ ಬರೆಯಬೇಕು. ಅಳತೆಯ ದಿನದ ಕಂತು ಬಂದಮೇಲೆಯೇ ಅಳತೆಯನ್ನು ಲ್ಯಾಬಿಗೆ ಕಳಿಸಬೇಕೆಂದು ಸ್ಪಷ್ಟವಾಗಿ ಬರೆದೆ. ಕ್ಯಾಪ್ ಒಬ್ಬರ ಹಲ್ಲಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ, ರೋಗಿ ಬಾರದೆ ಹೋದರೂ ಲ್ಯಾಬಿಗೆ ನಾವು ಹಣ ಕೊಡಲೇಬೇಕು.

ಈ ದಾರಿಯಲ್ಲಿ ಎಳೆ ಕಡಿಯುವುದು ಹೆಚ್ಚಾಗಿ ಮೊದಲ ಭೇಟಿಯ ನಂತರ. ನೋವು ನಿಂತಿತೆಂದು ರೋಗಿ ಬರುವುದನ್ನೇ ಬಿಡುತ್ತಾರೆ. ತಾತ್ಕಾಲಿಕ ಫಿಲ್ಲಿಂಗ್ ಸವೆದು ಸೋಂಕು ಮತ್ತೆ ಒಳಸೇರುತ್ತದೆ. ರೂಟ್ ಕೆನಾಲ್ ಮುಗಿಸಿ ಕ್ಯಾಪ್ ಹಾಕಿಸದವರ ದವಡೆಹಲ್ಲು ಅಗಿಯುವಾಗ ಸೀಳುವುದೂ ಉಂಟು. ಆದ್ದರಿಂದ ಪ್ರತಿ ಶನಿವಾರ, ಶುರುವಾಗಿ ಮುಗಿಯದ ಚಿಕಿತ್ಸೆಗಳ ಪಟ್ಟಿ ತೆಗೆದು ಅವರಿಗೆಲ್ಲ ಫೋನು ಮಾಡುವುದನ್ನು ಕರ್ತವ್ಯವಾಗಿಯೇ ಸೇರಿಸಿದೆ. ಕರೆಯಲ್ಲಿ ಮೊದಲು ಹಲ್ಲಿನ ವಿಚಾರ ಕೇಳಬೇಕು, ಬಾಕಿಯ ಮಾತು ಆಮೇಲೆ. ಹುಣಸೂರು, ತಿ. ನರಸೀಪುರದ ಕಡೆಯಿಂದ ಬಸ್ಸು ಹತ್ತಿ ಬರುವವರನ್ನು ಕ್ಯಾಪ್ ಕೂರಿಸಲು ಕರೆಯುವ ಮುನ್ನಾದಿನ, ಕ್ಯಾಪ್ ನಮ್ಮ ಕೈಸೇರಿದೆಯೇ ಎಂದು ಡಬ್ಬಿ ತೆರೆದು ನೋಡಬೇಕು. ಲ್ಯಾಬಿನವರು ಕಳಿಸಿದ್ದೇವೆ ಎಂದ ಮಾತು ಸಾಲದು.

ಹಣದ ಲೆಕ್ಕಕ್ಕೆ ನಾನು ಹಾಕಿದ ಕಟ್ಟು ಹೀಗಿದೆ. ಹಣ ಪಡೆಯುವವರು ರಿಯಾಯಿತಿ ಕೊಡುವಂತಿಲ್ಲ, ಬರೆದ ರಸೀದಿಯನ್ನು ರದ್ದು ಮಾಡುವಂತಿಲ್ಲ. ಎರಡಕ್ಕೂ ನನ್ನ ಸಹಿ ಬೇಕು. ಯುಪಿಐ ಪಾವತಿಯನ್ನು ರೋಗಿಯ ಫೋನಿನ ಪರದೆ ನೋಡಿ ಒಪ್ಪದೆ, ನಮ್ಮ ಖಾತೆಗೆ ಜಮೆಯಾದದ್ದನ್ನು ಕಂಡು ರಸೀದಿ ಕೊಡಬೇಕು. ರಾತ್ರಿ ಬಾಗಿಲು ಹಾಕುವ ಮೊದಲು, ಸಹಾಯಕಿ ಚೇರಿನ ಬಳಿ ಬರೆದಿಟ್ಟ ಚಿಕಿತ್ಸೆಯ ಪುಸ್ತಕವನ್ನೂ ರಸೀದಿ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ಹೆಸರಿಗೆ ಗುರುತು ಹಾಕಬೇಕು. ಚಿಕಿತ್ಸೆಯಾಗಿ ರಸೀದಿಯಿಲ್ಲದ ಹೆಸರಿದ್ದರೆ, ಅದು ಬಾಕಿಯೋ, ರಿಯಾಯಿತಿಯೋ, ಬರೆಯಲು ಬಿಟ್ಟುಹೋದದ್ದೋ ಎಂಬುದು ಅಂದೇ ತಿಳಿಯಬೇಕು. ಗಲ್ಲಾಪೆಟ್ಟಿಗೆಯ ನಗದು ರಸೀದಿಗೆ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಸರಿಯೆನ್ನಲಾಗದು. ರಸೀದಿಯೇ ಬರೆಯದ ಹಣ ಚಿಕಿತ್ಸೆಯ ಪುಸ್ತಕದೊಂದಿಗಿನ ಹೋಲಿಕೆಯಲ್ಲಿ ಮಾತ್ರ ಸಿಕ್ಕುತ್ತದೆ.

ಕಚೇರಿಯಿಂದಲೋ ವಿಮೆಯಿಂದಲೋ ವೆಚ್ಚ ಮರಳಿ ಪಡೆಯಬೇಕಾದವರಿಗೆ ‘ದಂತ ಚಿಕಿತ್ಸೆ’ ಎಂದು ಒಟ್ಟು ಮೊತ್ತ ಬರೆದ ಬಿಲ್ಲು ಕೊಟ್ಟರೆ ಅದು ಹಿಂದಿರುಗಿ ಬರಬಹುದು. ಹಲ್ಲಿನ ಸಂಖ್ಯೆ, ಪ್ರತಿ ಚಿಕಿತ್ಸೆಯ ದಿನಾಂಕ, ಪ್ರತ್ಯೇಕ ಮೊತ್ತ, ನನ್ನ ನೋಂದಣಿ ಸಂಖ್ಯೆ ಇರಬೇಕು. ದಿನಾಂಕ ಬದಲಿಸಿ ಕೊಡಿ ಎಂದು ಯಾರು ಕೇಳಿದರೂ, ಎಷ್ಟೇ ಪರಿಚಯವಿದ್ದರೂ, ಕೊಡಬಾರದು.

ಫೋನಿನಲ್ಲಿ ಮಾತ್ರೆಯ ಹೆಸರು ಹೇಳಬಾರದೆಂದು ಬರೆದರಷ್ಟೇ ಸಾಲದು, ಯಾವ ಕರೆಯನ್ನು ತಕ್ಷಣ ನನಗೆ ಕೊಡಬೇಕೆಂಬುದನ್ನೂ ಬರೆಯಬೇಕು. ಮುಖದ ಬಾವಿನ ಜೊತೆ ಜ್ವರ, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟ, ಹಲ್ಲು ಕಿತ್ತ ಮೇಲೆ ನಿಲ್ಲದ ರಕ್ತ, ಇವುಗಳಲ್ಲಿ ಒಂದಿದ್ದರೂ ನಾನು ಚೇರಿನ ಬಳಿ ಕೆಲಸದಲ್ಲಿದ್ದರೂ ಕರೆಯಬೇಕು. ಮಗು ಬಿದ್ದು ಶಾಶ್ವತ ಹಲ್ಲು ಉದುರಿದೆ ಎಂದರೆ, ಬೇರನ್ನು ಮುಟ್ಟದೆ ಮೇಲ್ಭಾಗವನ್ನು ಹಿಡಿದು, ಹಾಲಿನಲ್ಲಿ ಹಾಕಿಕೊಂಡು ಕೂಡಲೇ ಬನ್ನಿ ಎಂದು ಹೇಳಬೇಕು. ಈ ವಾಕ್ಯವನ್ನು ಫೋನಿನ ಪಕ್ಕದಲ್ಲೇ ಅಂಟಿಸಿದ್ದೇನೆ.

ವೇಳೆ ಬೆಳಿಗ್ಗೆ 10ರಿಂದ 1.30, ಸಂಜೆ 4.30ರಿಂದ 8.30. ನಡುವಿನ ಬಿಡುವು ದೊಡ್ಡದಾದ್ದರಿಂದ ಮನೆ ಹತ್ತಿರವಿರುವವರಿಗೆ ಮಾತ್ರ ಇದು ಒಗ್ಗುತ್ತದೆ ಎಂಬುದನ್ನು ಮುಚ್ಚಿಡದೆ ಬರೆದೆ. ಸಂದರ್ಶನಕ್ಕೆ ಬಂದವರ ಮುಂದೆ ಹೆಸರು ಬದಲಿಸಿದ ಒಂದು ದಿನದ ರಸೀದಿಗಳನ್ನೂ ಚಿಕಿತ್ಸೆಯ ಪುಟವನ್ನೂ ಇಟ್ಟು, ಲೆಕ್ಕ ಮುಗಿಸಲು ಹೇಳುತ್ತೇನೆ. ಅದರಲ್ಲಿ ಒಂದು ಹೆಸರಿಗೆ ರಸೀದಿ ಇರುವುದಿಲ್ಲ. ಅದನ್ನು ಕಂಡು, ತಾವೇ ಏನೋ ತುಂಬದೆ, ಇದರ ರಸೀದಿ ಏನಾಯಿತು ಎಂದು ಕೇಳುವವರನ್ನು ತೆಗೆದುಕೊಳ್ಳುತ್ತೇನೆ.