ಅಂಟಿಸಿದಂತೆ ಕಾಣುವ ಫೋಟೋ: ಮೊದಲು ನೋಡಬೇಕಾದ್ದು ಅಂಚನ್ನಲ್ಲ

ಮಳೆಗಾಲ ಬಂತೆಂದರೆ ನಮ್ಮ ಹಾಸನದ ಕಡೆ ಒಂದೇ ಬೇಡಿಕೆ: ಸ್ಟುಡಿಯೋದಲ್ಲಿ ತೆಗೆದ ಜೋಡಿಯನ್ನು ಮುಳ್ಳಯ್ಯನಗಿರಿಯ ಮಂಜಿನಲ್ಲಿ ನಿಲ್ಲಿಸಿಕೊಡಿ. 1,930 ಮೀಟರ್ ಎತ್ತರದ ಆ ಬೆಟ್ಟಕ್ಕೆ ರೇಷ್ಮೆ ಸೀರೆ ಉಟ್ಟ ಹುಡುಗಿಯನ್ನು ಗಾಳಿಮಳೆಯಲ್ಲಿ ಕರೆದೊಯ್ಯುವುದು ಕಷ್ಟ, ಹಾಗಾಗಿ ಬೇಡಿಕೆಯಲ್ಲಿ ತಪ್ಪೇನಿಲ್ಲ. ಹೊಸದಾಗಿ ಕಲಿಯುವವರು ಇಂಥ ಕೆಲಸದಲ್ಲಿ ಮುಕ್ಕಾಲು ಸಮಯವನ್ನು ಕೂದಲಿನ ಅಂಚು ಕತ್ತರಿಸುವುದಕ್ಕೆ ಸುರಿಯುತ್ತಾರೆ. ಅಂಚು ಚೆನ್ನಾಗಿಯೇ ಬಂದಿರುತ್ತದೆ, ಆದರೂ ಜೋಡಿ ಕಟೌಟಿನಂತೆ ನಿಂತಿರುತ್ತದೆ. ಕಾರಣ ಬೇರೆ ಕಡೆ ಇರುತ್ತದೆ: ಕ್ಯಾಮೆರಾದ ಎತ್ತರದಲ್ಲಿ, ಕಪ್ಪಿನ ಆಳದಲ್ಲಿ, ಪಾದದ ಕೆಳಗೆ. ನಾನು ನೋಡುವುದೂ ಅದೇ ಕ್ರಮದಲ್ಲಿ. ಕಂಪ್ಯೂಟರಿನಲ್ಲಿ ಸರಿಪಡಿಸಲಾಗದ್ದು ಮೊದಲು, ಸುಲಭವಾಗಿ ಸರಿಹೋಗುವುದು ಕೊನೆಗೆ.

ಇದಕ್ಕೆಲ್ಲ ಆಧಾರ ಬೆಟ್ಟದಲ್ಲಿ ತೆಗೆದುಕೊಳ್ಳುವ ಒಂದು ಹೆಚ್ಚುವರಿ ಫೋಟೋ. ಅದನ್ನು ಅಳತೆ ಫೋಟೋ ಎನ್ನುತ್ತೇನೆ. ಬ್ಯಾಕ್‌ಗ್ರೌಂಡ್ ತೆಗೆಯುವಾಗ, ಮುಂದೆ ಜೋಡಿ ನಿಲ್ಲಬೇಕಾದ ಜಾಗದಲ್ಲೇ ಜೊತೆಗಿರುವ ಹುಡುಗನನ್ನು ನಿಲ್ಲಿಸುತ್ತೇನೆ. ಮೈಮೇಲೆ ಕಪ್ಪು ಅಂಗಿ, ಹೆಗಲ ಮೇಲೆ ಬಿಳಿ ಟವೆಲ್, ಕೈಯಲ್ಲಿ ಒಂದು ಕೋಲು. ಕ್ಯಾಮೆರಾ ಲೆನ್ಸಿನ ಮಧ್ಯಭಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪಿನಲ್ಲಿ ಅಳೆದು, ಕೋಲಿನ ಅಷ್ಟೇ ಎತ್ತರಕ್ಕೆ ಕೆಂಪು ಟೇಪ್ ಸುತ್ತಿರುತ್ತೇನೆ. ಒಂದು ಫೋಟೋ ಅವನಿರುವಂತೆ, ಮರುಕ್ಷಣ ಅವನು ಪಕ್ಕಕ್ಕೆ ಸರಿದ ಮೇಲೆ ಇನ್ನೊಂದು. ಮಂಜು ನಿಮಿಷಕ್ಕೊಂದು ಬಣ್ಣ ತಾಳುತ್ತದೆ, ಆದ್ದರಿಂದ ಎರಡರ ನಡುವೆ ತಡವಾಗಬಾರದು. ಎಕ್ಸ್‌ಪೋಷರ್ ಮ್ಯಾನುಯಲ್‌ನಲ್ಲಿ ಇರಬೇಕು, ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಇರಬಾರದು.

ಈಗ ಮೊದಲ ಪರೀಕ್ಷೆ, ಕಣ್ಣೆತ್ತರದ ಗೆರೆ. ಸಮತಟ್ಟು ನೆಲದಲ್ಲಿ ಯಾರು ಎಲ್ಲೇ ನಿಂತರೂ, ಕ್ಯಾಮೆರಾ ಎಷ್ಟು ಎತ್ತರದಲ್ಲಿದೆಯೋ ಅವರ ಮೈಮೇಲಿನ ಅಷ್ಟೇ ಎತ್ತರದ ಜಾಗವನ್ನು ಈ ಗೆರೆ ಹಾದುಹೋಗುತ್ತದೆ. ಕ್ಯಾಮೆರಾ 150 ಸೆಂ.ಮೀ. ಎತ್ತರದಲ್ಲಿದ್ದರೆ 175 ಸೆಂ.ಮೀ. ಎತ್ತರದ ಹುಡುಗನಿಗೆ ಅದು ಗಲ್ಲದ ಹತ್ತಿರ ಬರುತ್ತದೆ, ಅವನು ಹತ್ತಿರವಿರಲಿ, ದೂರವಿರಲಿ. ಬಯಲುಸೀಮೆಯ ಫೋಟೋದಲ್ಲಿ ಆಕಾಶ ನೆಲವನ್ನು ಮುಟ್ಟುವ ಅಂಚೇ ಈ ಗೆರೆ. ಬೆಟ್ಟದ ಮೇಲೆ ಹಾಗಲ್ಲ. ಮುಳ್ಳಯ್ಯನಗಿರಿಯಿಂದ ಕಾಣುವ ಸುತ್ತಲಿನ ಬೆಟ್ಟಗಳೆಲ್ಲ ನಮಗಿಂತ ತಗ್ಗಿನವು, ಅವುಗಳ ನೆತ್ತಿ ಕಣ್ಣೆತ್ತರಕ್ಕಿಂತ ಕೆಳಗೇ ಇರುತ್ತದೆ. ಅದನ್ನೇ ಗೆರೆ ಎಂದು ನಂಬಿ ಜೋಡಿಯನ್ನು ಕೂರಿಸಿದರೆ ಇಬ್ಬರೂ ಕೆಳಕ್ಕೆ ಕುಸಿದಂತೆ ಕಾಣುತ್ತಾರೆ. ಗುಡಿಗೆ ಹತ್ತುವ ಮೆಟ್ಟಿಲ ಸಾಲಿನ ಇಳಿಜಾರನ್ನು ಹಿಡಿದು ಗೆರೆ ಎಳೆದರೂ ಮೋಸ ಹೋಗುತ್ತೇವೆ, ಏರುವ ಗೆರೆಗಳು ಕಣ್ಣೆತ್ತರದಲ್ಲಿ ಕೂಡುವುದಿಲ್ಲ. ಕೋಲಿನ ಕೆಂಪು ಟೇಪ್ ಬೇಕಾಗುವುದು ಇದಕ್ಕೇ.

ಒಂದು ಫೋಟೋದ ಲೆಕ್ಕ ನೋಡಿ. ಫುಲ್‌ಫ್ರೇಮ್ ಕ್ಯಾಮೆರಾ, 50 ಎಂ.ಎಂ. ಲೆನ್ಸ್, 6000 × 4000 ಪಿಕ್ಸೆಲ್. ಮೇಲಿನಿಂದ ಎಣಿಸಿದರೆ ಕೆಂಪು ಟೇಪ್ 1400ನೇ ಪಿಕ್ಸೆಲ್‌ನಲ್ಲಿತ್ತು, ಪಾದ 3200ರಲ್ಲಿ. ಅಂದರೆ 150 ಸೆಂ.ಮೀ.ಗೆ 1800 ಪಿಕ್ಸೆಲ್, ಒಂದು ಸೆಂ.ಮೀ.ಗೆ 12. ಮದುಮಗ 175 ಸೆಂ.ಮೀ. ಎತ್ತರ, ಆದ್ದರಿಂದ ಅವನು ನೆತ್ತಿಯಿಂದ ಪಾದದವರೆಗೆ 2100 ಪಿಕ್ಸೆಲ್ ಇರಬೇಕು. ಕಣ್ಣಂದಾಜಿನಲ್ಲಿ ಎಳೆದು ಹಿಗ್ಗಿಸುವ ಕೆಲಸವೇ ಇಲ್ಲ.

ಸ್ಟುಡಿಯೋದಲ್ಲೂ ಕ್ಯಾಮೆರಾ ಅದೇ 150 ಸೆಂ.ಮೀ. ಎತ್ತರದಲ್ಲಿರಬೇಕು. ಪೂರ್ತಿ ಆಳಿನ ಫೋಟೋ ತೆಗೆಯುವಾಗ ಸೊಂಟದ ಮಟ್ಟಕ್ಕೆ ಬಗ್ಗಿ ತೆಗೆಯುವ ರೂಢಿ ಹಲವರಿಗಿದೆ. ಹಾಗೆ ತೆಗೆದ ಜೋಡಿಯನ್ನು ಇಲ್ಲಿಗೆ ತಂದರೆ, ನೆಲವನ್ನು ಮೇಲಿನಿಂದ ನೋಡುತ್ತೇವೆ, ಮನುಷ್ಯರನ್ನು ಕೆಳಗಿನಿಂದ. ಯಾವ ಸಾಫ್ಟ್‌ವೇರೂ ಇದನ್ನು ತಿದ್ದುವುದಿಲ್ಲ, ಮತ್ತೆ ತೆಗೆಯಬೇಕು. ದೂರವೂ ಅಷ್ಟೇ ಮುಖ್ಯ. ಮೇಲಿನ ಲೆಕ್ಕದಲ್ಲಿ ಹುಡುಗ ಕ್ಯಾಮೆರಾದಿಂದ ಸುಮಾರು 7 ಮೀಟರ್ ದೂರದಲ್ಲಿದ್ದ, ಅವನ ಪಾದವನ್ನು ಕ್ಯಾಮೆರಾ ನೋಡಿದ್ದು 12 ಡಿಗ್ರಿ ಇಳಿಜಾರಿನಲ್ಲಿ. ಸ್ಟುಡಿಯೋ ಚಿಕ್ಕದಾಗಿ 4 ಮೀಟರಿನಿಂದ ತೆಗೆದರೆ ಆ ಕೋನ 20 ಡಿಗ್ರಿ ದಾಟುತ್ತದೆ. ಮುಖದಲ್ಲಿ ವ್ಯತ್ಯಾಸ ಗೊತ್ತಾಗದು, ಆದರೆ ಚಪ್ಪಲಿ ಮುಂದಕ್ಕೆ ಜಾರುತ್ತಿರುವಂತೆ ಕಾಣುತ್ತದೆ. ಸ್ಟುಡಿಯೋದಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಪಾದ ತೋರಿಸದಿರುವುದೇ ಒಳ್ಳೆಯದು, ಮೊಣಕಾಲಿನವರೆಗಿನ ಫ್ರೇಮ್ ಇಟ್ಟುಕೊಳ್ಳಿ.

ಎರಡನೆಯದು ಕಪ್ಪು ಮತ್ತು ಬಿಳುಪು. ಮಂಜಿನ ಚಿತ್ರ ಕೆಡುವುದು ಹೆಚ್ಚಾಗಿ ಇಲ್ಲೇ. ನಮಗೂ ವಸ್ತುವಿಗೂ ನಡುವೆ ಇರುವ ಮಂಜು ಬೆಳಕನ್ನು ಚದುರಿಸಿ ಕ್ಯಾಮೆರಾದತ್ತ ಕಳಿಸುತ್ತದೆ. ಕಪ್ಪು ಬಣ್ಣದ ಮೇಲೆ ಆ ಬೆಳಕು ಪರದೆಯಂತೆ ಬೀಳುವುದರಿಂದ ಅಲ್ಲಿ ನಿಜವಾದ ಕಪ್ಪು ಎಂಬುದೇ ಇರುವುದಿಲ್ಲ. ಫೋಟೋಶಾಪಿನ Info ಪ್ಯಾನೆಲ್ ತೆರೆದು ಅಳತೆ ಫೋಟೋದ ಕಪ್ಪು ಅಂಗಿಯ ಮೇಲೆ ಕರ್ಸರ್ ಇಟ್ಟಾಗ ಕೆಂಪು 40, ಹಸಿರು 43, ನೀಲಿ 48 ಬಂತು. ಸ್ಟುಡಿಯೋದಲ್ಲಿ ತೆಗೆದ ಮದುಮಗಳ ಕೂದಲಿನಲ್ಲಿ ಮೂರೂ 9. ಕಣ್ಣಿಗೆ ಚುಚ್ಚುವುದು ಈ ಅಂತರ.

ಬಿಳುಪಿನ ವಿಷಯ ಇನ್ನೂ ಕಡಿಮೆ ಜನರ ಗಮನಕ್ಕೆ ಬರುತ್ತದೆ. ಮದುಮಗನ ಬಿಳಿ ಅಂಗಿ, ಪಂಚೆ ಸ್ಟುಡಿಯೋದಲ್ಲಿ 250. ಹಿಂದಿನ ಮಂಜು 224. ಹುಡುಗನ ಬಿಳಿ ಟವೆಲ್ ಎಷ್ಟಿತ್ತು? ಬರೀ 205. ಮೋಡದ ದಿನ ಬೆಳಕು ಮುಖ್ಯವಾಗಿ ಮೇಲಿನಿಂದ ಸುರಿಯುತ್ತದೆ, ನೆಟ್ಟಗೆ ಇಳಿಬಿದ್ದ ಬಟ್ಟೆಗೆ ಅದರಲ್ಲಿ ಒಂದು ಪಾಲಷ್ಟೇ ಸಿಗುತ್ತದೆ. ಹಾಗಾಗಿ ಬಿಳಿ ಪಂಚೆ ಹಿಂದಿನ ಮಂಜಿಗಿಂತ ಮಂಕಾಗಿರಬೇಕು. ಮಂಜಿಗಿಂತ ಬೆಳ್ಳಗಿದ್ದರೆ ಒಳಗಿನಿಂದ ದೀಪ ಹಚ್ಚಿದಂತೆ ಕಾಣುತ್ತದೆ.

ತಿದ್ದುವುದು ಹೀಗೆ. ಜೋಡಿಯ ಲೇಯರ್ ಮೇಲೆ ಒಂದು Levels ಲೇಯರ್ ಹಾಕಿ, Alt+Ctrl+G ಒತ್ತಿ ಅದನ್ನು ಜೋಡಿಗೆ ಮಾತ್ರ ತಾಗುವಂತೆ ಮಾಡಿ. Red, Green, Blue ಒಂದೊಂದನ್ನೇ ಆರಿಸಿ ಕೆಳಗಿನ Output Levels ಬದಲಿಸಿ. ಈ ಚಿತ್ರಕ್ಕೆ ಎಡಬದಿಯಲ್ಲಿ 34, 37, 42, ಬಲಬದಿಯಲ್ಲಿ 206, 208, 210 ಕೊಟ್ಟಾಗ ಕೂದಲು ಮತ್ತು ಅಂಗಿ ಎರಡೂ ಅಳತೆ ಫೋಟೋದ ಅಂಕಿಗಳಿಗೆ ಬಂದು ನಿಂತವು. ಈಗ ಮುಖ ಸಪ್ಪೆಯಾಗಿ ಕಾಣುತ್ತದೆ, ಮನೆಯವರು ಮುಖ ಬೆಳ್ಳಗಿರಲಿ ಎನ್ನುತ್ತಾರೆ. ಆಗ ನಡುವಿನ ಬಾಣವನ್ನು 1.08ರವರೆಗೆ ಸರಿಸಬಹುದು. ಎರಡು ತುದಿಗಳನ್ನು ಮಾತ್ರ ಮುಟ್ಟಬೇಡಿ.

ಮಂಜನ್ನು ಅತಿ ಮಾಡುವುದೂ ತಪ್ಪೇ. ಅದೇ ಫೋಟೋದಲ್ಲಿ ಇನ್ನೂ ಹಿಂದಿದ್ದ ಪೊದೆಯ ಕಪ್ಪು 95 ಇತ್ತು. ಜೋಡಿಯ ಕಪ್ಪನ್ನು ಅಲ್ಲಿಗೆ ಏರಿಸಿದರೆ, ಗಾತ್ರ 7 ಮೀಟರ್ ಎನ್ನುತ್ತದೆ, ಬಣ್ಣ ಪೊದೆಯಷ್ಟು ದೂರ ಎನ್ನುತ್ತದೆ.

ಬೆಳಕಿನ ದಿಕ್ಕನ್ನು ಸ್ಟುಡಿಯೋದಲ್ಲೇ ಸರಿಮಾಡಿಕೊಳ್ಳಬೇಕು. ಪಕ್ಕದಿಂದ ಒಂದೇ ಸಾಫ್ಟ್‌ಬಾಕ್ಸ್ ಇಟ್ಟರೆ ಮೂಗಿನ ಒಂದು ಬದಿಗೆ ನೆರಳು ಬೀಳುತ್ತದೆ, ಜರಿ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಹೊಳಪು ಬರುತ್ತದೆ. ಮಂಜಿನಲ್ಲಿ ಇವೆರಡೂ ಇರುವುದಿಲ್ಲ. ಫ್ಲ್ಯಾಶನ್ನು ಬಿಳಿ ಚಾವಣಿಗೆ ತಿರುಗಿಸಿ, ಎರಡೂ ಬದಿಗೆ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿದರೆ ಸಾಕು. ಹಿಂದಿನಿಂದ ಕೂದಲಿಗೆ ಲೈಟ್ ಬೇಡವೇ ಬೇಡ.

ಅಂಚಿಗೆ ಈಗ ಬರೋಣ. ಹಿಂದೆ ತಿಳಿಬೂದು ಪೇಪರ್ ಕಟ್ಟಿ, ಜೋಡಿಯನ್ನು ಅದರಿಂದ 2 ಮೀಟರ್ ಮುಂದೆ ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ. ಹಸಿರು ಪರದೆಯಾದರೆ ಹಸಿರು ಛಾಯೆ ಕೂದಲಿನೊಳಗೆ ಸೇರಿಕೊಂಡು ಕಾಡುತ್ತದೆ. ಹಾರುವ ಕೂದಲನ್ನು ನಾನು ಕತ್ತರಿಸುವುದಿಲ್ಲ. ಜೋಡಿಯ ಮೂಲ ಫೋಟೋದ ಇನ್ನೊಂದು ಪ್ರತಿಯನ್ನು ಕಟ್ ಮಾಡಿದ ಲೇಯರಿನ ಕೆಳಗೆ ಇಟ್ಟು, ಹಿಂದಿನ ಬೂದು ಪೂರ್ತಿ ಬಿಳಿಯಾಗುವಂತೆ Levels ಎಳೆದು, Multiply ಮಾಡಿ, ಮಾಸ್ಕ್ ಹಾಕಿ ಕೂದಲಿನ ಸುತ್ತ ಮಾತ್ರ ಕಾಣಿಸುತ್ತೇನೆ. ಒಂದೊಂದು ಎಳೆಯೂ ಮಂಜಿನ ಮೇಲೆ ತಾನಾಗಿ ಕೂರುತ್ತದೆ. Opacity 80ರ ಆಸುಪಾಸು ಇರಲಿ, ಪೂರ್ತಿ 100 ಇಟ್ಟರೆ ಎಳೆಗಳು ಮತ್ತೆ ಕಡುಕಪ್ಪಾಗುತ್ತವೆ. ಉಳಿದ ಮೈಯ ಅಂಚನ್ನು ಅಳತೆ ಫೋಟೋದ ಹುಡುಗನ ಹೆಗಲಿಗೆ ಹೋಲಿಸಿ. 100% ಹಿಗ್ಗಿಸಿ ನೋಡಿದರೆ ಅಲ್ಲಿ ಕಪ್ಪಿನಿಂದ ಮಂಜಿಗೆ ಹೋಗಲು ಎರಡು ಮೂರು ಪಿಕ್ಸೆಲ್ ಹಿಡಿಯುತ್ತದೆ. ಪೆನ್ ಟೂಲಿನಲ್ಲಿ ಕತ್ತರಿಸಿದ ಅಂಚಿಗೆ ಒಂದೂ ಹಿಡಿಯುವುದಿಲ್ಲ. ಮಾಸ್ಕಿನ Feather 0.8 ಪಿಕ್ಸೆಲ್ ಇಟ್ಟರೆ ಎರಡೂ ಒಂದೇ ಆಗುತ್ತವೆ.

ಪಾದದ ವಿಷಯದಲ್ಲಿ Drop Shadow ಎಂಬ ಸಿದ್ಧ ಶೈಲಿಯನ್ನು ಮರೆತುಬಿಡಿ. ಮಂಜಿನಲ್ಲಿ ಯಾರ ನೆರಳೂ ನೆಲದ ಮೇಲೆ ಚಾಚಿ ಮಲಗುವುದಿಲ್ಲ. ಇರುವುದು ಚಪ್ಪಲಿಯ ಅಡಿಯಲ್ಲಿ, ಸೀರೆಯ ಅಂಚಿನ ಅಡಿಯಲ್ಲಿ, ಆಕಾಶದ ಬೆಳಕು ನುಗ್ಗದ ಕಿರಿದಾದ ಕತ್ತಲು. ಜೋಡಿಯ ಕೆಳಗೆ ಎರಡು Multiply ಲೇಯರ್ ಮಾಡಿ. ಒಂದರಲ್ಲಿ ಚಪ್ಪಲಿ ನೆಲ ಮುಟ್ಟುವ ಕಡೆ ಮಾತ್ರ ಸಣ್ಣ ಬ್ರಷ್, ಸಾಕಷ್ಟು ಗಾಢ. ಇನ್ನೊಂದರಲ್ಲಿ ಸುತ್ತ ಹತ್ತು ಹದಿನೈದು ಸೆಂ.ಮೀ. ಹರಡಿ ಮಾಯವಾಗುವ ದೊಡ್ಡ ಮೃದು ಬ್ರಷ್, 25%. ಇಲ್ಲಿ ಸೆಂ.ಮೀ.ಗೆ 12 ಪಿಕ್ಸೆಲ್ ಎಂದು ಗೊತ್ತೇ ಇದೆ, ಆದ್ದರಿಂದ 120ರಿಂದ 180 ಪಿಕ್ಸೆಲ್. ಬಣ್ಣಕ್ಕೆ ಶುದ್ಧ ಕಪ್ಪು ಬೇಡ, ಹುಡುಗನ ಚಪ್ಪಲಿಯ ಅಡಿಯಿಂದಲೇ ಎತ್ತಿಕೊಳ್ಳಿ.

ಗಿರಿಯ ಮೇಲಿನದು ಹುಲ್ಲುನೆಲ. ಹುಲ್ಲಿನ ಮೇಲೆ ನಿಂತವರ ಪಾದ ಎಂದೂ ಪೂರ್ತಿ ಕಾಣುವುದಿಲ್ಲ. ಜೋಡಿಯ ಮಾಸ್ಕಿನಲ್ಲಿ ಹುಲ್ಲಿನೆಳೆಯಷ್ಟು ತೆಳುವಾದ ಬ್ರಷ್ ಹಿಡಿದು ಕೆಳಗಿನಿಂದ ಮೇಲಕ್ಕೆ ಕಪ್ಪು ಎಳೆದರೆ, ಹಿಂದಿನ ಹುಲ್ಲು ಸೀರೆಯ ಅಂಚಿನ ಮುಂದೆ ಬರುತ್ತದೆ. ನಿಜವಾದ ಹುಲ್ಲು ಎಲ್ಲಿ ಬಾಗಿದೆಯೋ ಅದನ್ನೇ ಅನುಸರಿಸಿ. ಎಲ್ಲ ಎಳೆಗಳೂ ಒಂದೇ ಉದ್ದ ಬಂದರೆ ಬಾಚಣಿಗೆಯ ಹಲ್ಲಿನಂತಾಗುತ್ತದೆ.

ಗ್ರೇನ್ ಕೊನೆಗೆ. ಸ್ಟುಡಿಯೋ ಫೋಟೋವನ್ನು ಚಿಕ್ಕದು ಮಾಡಿದಾಗ ಅದರ ಗ್ರೇನ್ ಅಳಿಸಿಹೋಗಿರುತ್ತದೆ. 200% ಹಿಗ್ಗಿಸಿ ನೀಲಿ ಚಾನೆಲ್ ಮಾತ್ರ ನೋಡಿ, ವ್ಯತ್ಯಾಸ ಅಲ್ಲಿ ಬೇಗ ಸಿಗುತ್ತದೆ. ಜೋಡಿಗೆ ಮಾತ್ರ Add Noise ಸ್ವಲ್ಪ ಸ್ವಲ್ಪವೇ ಏರಿಸಿ, ಹಿಂದಿನ ಮಂಜಿಗೆ ಸಮವಾದ ಕೂಡಲೇ ನಿಲ್ಲಿಸಿ.

ಇಷ್ಟಾದ ಮೇಲೆ ಎಲ್ಲಕ್ಕಿಂತ ಮೇಲೆ ಒಂದು ತಾತ್ಕಾಲಿಕ Curves ಲೇಯರ್ ಹಾಕಿ, ಕಾಂಟ್ರಾಸ್ಟನ್ನು ಅತಿಯಾಗಿ ಎಳೆಯುತ್ತೇನೆ. ಕಪ್ಪಿನಲ್ಲಿ ಎರಡು ಮೂರು ಅಂಕಿಯ ತಪ್ಪು ಉಳಿದಿದ್ದರೂ ಜೋಡಿ ಹಿನ್ನೆಲೆಯಿಂದ ಕಿತ್ತು ಬಂದಂತೆ ಕಾಣುತ್ತದೆ. ಆಮೇಲೆ ಪೂರ್ತಿ ಚಿತ್ರವನ್ನು ಎಡಬಲ ತಿರುಗಿಸಿ, ಅಂಚೆಚೀಟಿಯಷ್ಟು ಚಿಕ್ಕದಾಗಿಸಿ ನೋಡುತ್ತೇನೆ. ಆ ಗಾತ್ರದಲ್ಲಿ ಕಣ್ಣು ಮೊದಲು ಪಂಚೆಯ ಬಿಳುಪಿಗೆ ಹೋದರೆ Levelsನ ಬಲಬದಿ ಇನ್ನೂ ಇಳಿಯಬೇಕು. ಪಾದಕ್ಕೆ ಹೋದರೆ ನೆರಳಿನ ಸಣ್ಣ ಬ್ರಷ್ ಇನ್ನೊಮ್ಮೆ ಕೈಗೆ ಬರಬೇಕು. ಸರಿಯಾದ ಮೇಲೆ Curves ಲೇಯರನ್ನು ಅಳಿಸಿ ಲ್ಯಾಬಿಗೆ ಕಳಿಸುತ್ತೇನೆ.