ಇನ್ನೂರು ದಿನ ಇದೆ ಅಂದಿತ್ತು, ಇದ್ದಿದ್ದು ನಲವತ್ತೆಂಟು

ಎಚ್‌ಎಸ್‌ಆರ್ ಲೇಔಟ್‌ನ ನಮ್ಮ ಆಫೀಸಿನಲ್ಲಿ ಪೋಸ್ಟ್‌ಗ್ರೆಸ್ ಸರ್ವರ್ ನನ್ನ ತಲೆ ಮೇಲಿದೆ. ಮೊದಲು ಡಿಸ್ಕ್ 90% ತುಂಬಿದರೆ ಮೆಸೇಜ್ ಬರುವ ಹಾಗೆ ಇಟ್ಟಿದ್ದೆ. ಆದರೆ 90% ಅಂದರೆ ಕೈಯಲ್ಲಿ ಎಷ್ಟು ದಿನ ಉಳಿದಿದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ? ಹೊಸ ಡಿಸ್ಕ್‌ಗೆ ಒಪ್ಪಿಗೆ ಸಿಕ್ಕಿ, ಅದು ಬಂದು ಸರ್ವರ್‌ಗೆ ಸೇರುವಷ್ಟರಲ್ಲಿ ನಮ್ಮಲ್ಲಿ ಒಂದು ತಿಂಗಳು ಕಳೆಯುತ್ತದೆ. ಹಾಗಾಗಿ ದಿನ ಎಣಿಸೋಣ ಅಂದುಕೊಂಡೆ.

ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು, ದಿನಾ ಬೆಳಿಗ್ಗೆ 6ಕ್ಕೆ ಕ್ರಾನ್‌ನಿಂದ ಓಡಿಸಿದೆ:

```
echo "$(date +%F) $(df -BM --output=used,avail /var/lib/postgresql | tail -1)" >> /var/log/dbdisk.txt
```

ಒಟ್ಟು ಜಾಗದಲ್ಲಿ ಬಳಸಿದ್ದನ್ನು ಕಳೆದು ಉಳಿದಿದ್ದು ಇಷ್ಟು ಅನ್ನಬೇಡಿ. `avail` ನೋಡಿ. ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಸಾಮಾನ್ಯವಾಗಿ 5% ಜಾಗವನ್ನು ರೂಟ್‌ಗೆ ಅಂತ ಎತ್ತಿಡುತ್ತದೆ, ಅದು ಡೇಟಾಬೇಸ್‌ಗೆ ಸಿಗುವುದಿಲ್ಲ. ನಮ್ಮ 1000 ಜಿಬಿ ಡಿಸ್ಕ್‌ನಲ್ಲಿ ಬಳಸಿದ್ದು 750. ಉಳಿದಿದ್ದು 250 ಅಲ್ಲ, 200.

30 ದಿನದ ಲೆಕ್ಕ ಸೇರಿದ ಮೇಲೆ ಇವತ್ತಿನದರಲ್ಲಿ ಮೊದಲ ದಿನದ್ದನ್ನು ಕಳೆದೆ. ಏರಿದ್ದು 30 ಜಿಬಿ, ದಿನಕ್ಕೆ 1. ಅಂದರೆ 200 ದಿನ ಇದೆ. ಖುಷಿಯಾಗಿ ಫಿಲ್ಟರ್ ಕಾಫಿ ಕುಡಿಯಲು ಹೋದೆ. ಅಲ್ಲಿ ಜೊತೆಗಾರರೊಬ್ಬರು, "ಹೋದ ವಾರ ಹಳೇ ಲಾಗ್ ಟೇಬಲ್ ಡ್ರಾಪ್ ಮಾಡಿದ್ದೆ ಕಣ್ರೀ, ಜಾಗ ಸಿಕ್ತಾ?" ಅಂದರು. ಅಲ್ಲಿಗೆ ನನ್ನ ಖುಷಿ ಮುಗಿಯಿತು.

ವಾಪಸ್ ಬಂದು ದಿನದಿನದ ಏರಿಕೆ ಬಿಡಿಸಿ ನೋಡಿದೆ. 28 ದಿನ ತಲಾ 3 ಜಿಬಿ. ತಿಂಗಳ ಕೊನೆಯ ದಿನ ವರದಿಗಳ ಕೆಲಸಕ್ಕೆ 36. ಟೇಬಲ್ ಹೋದ ದಿನ ಮೈನಸ್ 90. ಆ ಒಂದು ದಿನ ಇಡೀ ಸರಾಸರಿಯನ್ನು ಕೆಡಿಸಿತ್ತು. 30 ದಿನಗಳ ಏರಿಕೆಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಮಧ್ಯದ ಸಂಖ್ಯೆ ಹಿಡಿದರೆ 3 ಬರುತ್ತದೆ, 66 ದಿನ. ಅದರಲ್ಲೂ ಮೋಸ ಇದೆ, ತಿಂಗಳ ಕೊನೆಯ 36 ಲೆಕ್ಕಕ್ಕೇ ಬರುವುದಿಲ್ಲ. ಕೊನೆಗೆ ಮೈನಸ್ ದಿನ ಒಂದನ್ನೇ ಬಿಟ್ಟು, ಉಳಿದ 29 ದಿನಗಳ 120 ಜಿಬಿಯನ್ನು ಭಾಗಿಸಿದೆ. ದಿನಕ್ಕೆ ಸುಮಾರು 4.1, ಅಂದರೆ 48 ದಿನ. ಡ್ರಾಪ್ ಒಂದು ಸಲದ್ದು ಅಂತ ಗೊತ್ತಿದ್ದರಿಂದ ಬಿಟ್ಟೆ. ಪ್ರತಿ ತಿಂಗಳು ಹಳೇ ಪಾರ್ಟಿಷನ್ ತೆಗೆಯುವ ಪದ್ಧತಿ ನಿಮ್ಮಲ್ಲಿದ್ದರೆ ಆ ಮೈನಸ್ ಸೇರಿಸಲೇಬೇಕು. ಆದರೆ ಟೇಬಲ್ ಡ್ರಾಪ್ ಮಾಡದೆ ಬರೀ ಸಾಲುಗಳನ್ನು ಡಿಲೀಟ್ ಮಾಡಿದರೆ `df` ಹೆಚ್ಚುಕಮ್ಮಿ ಅಲ್ಲಾಡುವುದಿಲ್ಲ. ವ್ಯಾಕ್ಯೂಮ್ ಆದ ಮೇಲೂ ಆ ಜಾಗ ಸಾಮಾನ್ಯವಾಗಿ ಟೇಬಲ್ ಒಳಗೇ ಉಳಿಯುತ್ತದೆ.

45 ದಿನಕ್ಕಿಂತ ಕಡಿಮೆಯಾದರೆ ಮೆಸೇಜ್ ಬರುವ ಹಾಗೆ ಇಟ್ಟೆ. ತಿಂಗಳ ಕಾಯುವಿಕೆ, ಮೇಲೆ ಎರಡು ವಾರ. ನಾಲ್ಕನೇ ದಿನವೇ ಬಂತು. "ಇನ್ನೂ 90 ಆಗಿಲ್ವಲ್ರೀ" ಅಂದ ಮ್ಯಾನೇಜರ್‌ಗೆ ಶೀಟ್ ತೋರಿಸಿದೆ, ಅವತ್ತೇ ಸಹಿ ಹಾಕಿದರು.

ಆದರೆ ಈ ಲೆಕ್ಕಕ್ಕೆ ಸಿಗದ ಒಂದು ಕಾಯಿಲೆ ಇದೆ. ಒಂದು ಶನಿವಾರ ನಮ್ಮ ರೆಪ್ಲಿಕಾ ನಿಂತುಹೋಯಿತು. ಅದು ಇನ್ನೂ ಓದದ ವಾಲ್ ಫೈಲ್‌ಗಳನ್ನು ಅದರ ರೆಪ್ಲಿಕೇಷನ್ ಸ್ಲಾಟ್ ಅಳಿಸಲು ಬಿಡದೆ ಹಿಡಿದುಕೊಂಡಿದ್ದರಿಂದ `pg_wal` ಫೋಲ್ಡರ್ ಗಂಟೆಗೆ 2 ಜಿಬಿಯಂತೆ ಬೆಳೆಯಿತು. ಭಾನುವಾರ ಬೆಳಿಗ್ಗೆ ಸುಮ್ನೆ ಲಾಗಿನ್ ಆಗಿದ್ದಕ್ಕೆ ಕಣ್ಣಿಗೆ ಬಿತ್ತು. ಈಗ ಆ ಫೋಲ್ಡರ್‌ನ ಗಾತ್ರವನ್ನು ಗಂಟೆಗೊಮ್ಮೆ ಬೇರೆಯಾಗಿಯೇ ನೋಡುತ್ತೇನೆ. 20 ಜಿಬಿ ದಾಟಿದರೆ ಮೆಸೇಜ್ ಅಲ್ಲ, ನೇರ ಫೋನ್ ಬರುತ್ತದೆ.